ಒಂದು ಸೊನ್ನೆ, ಒಂದು ಪಿಡಿಎಫ್

ನಮ್ಮ ಸಸ್ಯಶಾಸ್ತ್ರ ವಿಭಾಗಕ್ಕೆ ಹಾವಸೆಯ ಮೇಲೆ ಒಂದು ಸಂಶೋಧನಾ ಯೋಜನೆ ಸಿಕ್ಕಿತ್ತು. ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಗೆ ಹತ್ತಿಕೊಳ್ಳುವ ಹಸಿರು ಇದೆಯಲ್ಲ, ಅದೇ ಹಾವಸೆ. ಅದನ್ನು ಹುಡುಕಿಕೊಂಡು ಕಾಡು ಸುತ್ತಲು ಒಬ್ಬ ಜೂನಿಯರ್ ರಿಸರ್ಚ್ ಫೆಲೋ ಬೇಕಿತ್ತು. ಜೆಆರ್‌ಎಫ್ ಅಂದರೆ ಈಗ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಎಂ.ಎಸ್ಸಿ. ಮುಗಿಸಿ ಕುಳಿತ ಹುಡುಗರಿಗೆ ಅದು ದೊಡ್ಡ ಮೊತ್ತವೇ. ಜಾಹೀರಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದೂವರೆ ಪುಟದ ಆ ಜಾಹೀರಾತಿನ ಕೊನೆಯಲ್ಲಿ ನಾನು ಸೇರಿಸಿದ ಎರಡು ಸಾಲು ಇವು:

```
Subject line: JRFBOT02 Full Name
Attachment: ONE PDF only (CV + marks cards), below 5 MB
```

ಹೀಗೆ ಕಳಿಸದ ಅರ್ಜಿಗಳನ್ನು ಪರಿಗಣಿಸುವುದಿಲ್ಲ ಎಂದು ಅದರ ಕೆಳಗೆ ಇನ್ನೊಂದು ಸಾಲು. ಅದು ಎಲ್ಲ ಜಾಹೀರಾತಿನಲ್ಲೂ ಇರುವ ಸಾಲು, ಹಳೆಯದರಿಂದ ಎತ್ತಿ ಅಂಟಿಸಿದ್ದೆ.

ಅರ್ಜಿಗಳು ಬರಬೇಕಿದ್ದದ್ದು ವಿಭಾಗದ ಒಂದೇ ಒಂದು ಇಮೇಲ್ ವಿಳಾಸಕ್ಕೆ. ಸೆಮಿನಾರಿನ ಆಮಂತ್ರಣ, ಪರೀಕ್ಷಾ ವಿಭಾಗದ ಸುತ್ತೋಲೆ, ರಾಸಾಯನಿಕ ಮಾರುವವರ ಕೊಟೇಶನ್ನು, ಇನ್ನೊಂದು ಯೋಜನೆಗೆ ಬರುವ ಅರ್ಜಿ, ಎಲ್ಲವೂ ಬಂದು ಬೀಳುವುದು ಅಲ್ಲಿಗೇ. ಹಾಗಾಗಿ ಜಾಹೀರಾತು ಹೊರಬಿದ್ದ ದಿನವೇ ನಾನು ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಮಾಡಿಟ್ಟೆ. ಅದಕ್ಕೆ ಬೇಕಾದದ್ದು ಇಷ್ಟೇ:

```
subject:JRFBOT02
```

ಈ ಪದ ಸಬ್ಜೆಕ್ಟ್‌ನಲ್ಲಿ ಇರುವ ಮೇಲ್ ಬಂದ ಕೂಡಲೇ ಅದಕ್ಕೊಂದು ಲೇಬಲ್ ಅಂಟಿಕೊಳ್ಳುತ್ತದೆ, ಇನ್‌ಬಾಕ್ಸ್‌ನಲ್ಲಿ ನಿಲ್ಲದೆ ನೇರ ತನ್ನ ಗೂಡಿಗೆ ಹೋಗುತ್ತದೆ. ಕೊನೆಯ ದಿನಾಂಕ ದಾಟಿದ ಮೇಲೆ ಆ ಗೂಡನ್ನು ತೆರೆದು ಕುಳಿತರಾಯಿತು. ನಾವು ಹಾಗೇ ಕುಳಿತೆವು. ಪಟ್ಟಿ ಮಾಡಿದೆವು, ಸಂದರ್ಶನಕ್ಕೆ ಕರೆಯುವವರ ಹೆಸರನ್ನು ನೋಟಿಸ್ ಬೋರ್ಡಿಗೆ ಅಂಟಿಸಿದೆವು.

ಎರಡು ದಿನ ಬಿಟ್ಟು ಒಂದು ಫೋನ್ ಬಂತು. "ಮೇಡಂ, ನಾನು ಗಡುವಿನ ಮೂರು ದಿನ ಮೊದಲೇ ಕಳಿಸಿದ್ದೆ. ಸಬ್ಜೆಕ್ಟ್ ಕೂಡ ನೀವು ಹೇಳಿದ ಹಾಗೇ ಹಾಕಿದ್ದೆ." ಹುಡುಗನ ದನಿಯಲ್ಲಿ ಸುಳ್ಳಿರಲಿಲ್ಲ. ಇನ್‌ಬಾಕ್ಸ್‌ನಲ್ಲಿ ಅವನ ಇಮೇಲ್ ವಿಳಾಸ ಹುಡುಕಿದೆ. ಮೇಲ್ ಅಲ್ಲೇ ಇತ್ತು, ಗಾಜಿನ ಸಾಮಾನಿನ ಕೊಟೇಶನ್ ಒಂದರ ಕೆಳಗೆ, ಯಾರೂ ತೆರೆಯದೆ. ಸಬ್ಜೆಕ್ಟ್ `JRFBOTO2` ಎಂದಿತ್ತು. ಮೊದಲ ನೋಟಕ್ಕೆ ನನಗೂ ತಪ್ಪು ಕಾಣಲಿಲ್ಲ. ಆಮೇಲೆ ಕನ್ನಡಕ ಏರಿಸಿ ನೋಡಿದೆ. ಎರಡರ ಹಿಂದೆ ಇದ್ದದ್ದು ಸೊನ್ನೆಯಲ್ಲ, ಇಂಗ್ಲಿಷಿನ ಓ ಅಕ್ಷರ.

ಇನ್ನೂ ಕೆದಕಿದಾಗ ಅವನಂಥ ಮತ್ತಷ್ಟು ಜನ ಸಿಕ್ಕರು. `JRF BOT 02` ಎಂದು ಬಿಡಿಸಿ ಬರೆದವರು, `JRFBOT2` ಎಂದು ಸೊನ್ನೆ ನುಂಗಿದವರು, ಹೆಸರನ್ನು ಸಂಕೇತಕ್ಕೆ ಜಾಗ ಬಿಡದೆ ಅಂಟಿಸಿದವರು, `Application for JRF post` ಎಂದು ತಮಗೆ ತೋಚಿದ್ದನ್ನು ಬರೆದವರು. ಒಬ್ಬರಂತೂ ಕನ್ನಡದ ಅಂಕಿಯಲ್ಲಿ ೦೨ ಎಂದು ಹಾಕಿದ್ದರು. ಕನ್ನಡದ ಸೊನ್ನೆ, ಅನುಸ್ವಾರ, ಇಂಗ್ಲಿಷಿನ ಓ, ಇಂಗ್ಲಿಷಿನ ಸೊನ್ನೆ, ಈ ನಾಲ್ಕೂ ಕಣ್ಣಿಗೆ ಒಡಹುಟ್ಟಿದವುಗಳ ಹಾಗೆ. ಕಂಪ್ಯೂಟರಿಗೆ ಮಾತ್ರ ನಾಲ್ಕಕ್ಕೂ ಬೇರೆ ಬೇರೆ ಸಂಖ್ಯೆ, ಅದರ ಲೆಕ್ಕದಲ್ಲಿ ಅವುಗಳ ನಡುವೆ ಯಾವ ನಂಟೂ ಇಲ್ಲ.

ಇಲ್ಲಿ ಒಂದು ತಾಂತ್ರಿಕ ಸಂಗತಿ ಹೇಳಲೇಬೇಕು, ಯಾಕೆಂದರೆ ನನಗೂ ಅದು ಗೊತ್ತಿದ್ದದ್ದು ತಡವಾಗಿ. ಜಿಮೇಲ್ ಹುಡುಕುವುದು ಇಡೀ ಪದವನ್ನು, ಪದದ ತುಂಡನ್ನಲ್ಲ. `JRFBOT02` ಎಂದು ಕೇಳಿದರೆ ಅದೇ ಎಂಟು ಅಕ್ಷರಗಳ ಒಂದು ಪದ ಇರಬೇಕು. ನಡುವೆ ಜಾಗ ಬಿಟ್ಟರೆ ಅದು ಮೂರು ಪದವಾಯಿತು, ಫಿಲ್ಟರ್‌ಗೆ ಕಾಣುವುದಿಲ್ಲ. ಮುಂದಿನ ಹೆಸರನ್ನು ಅಂಟಿಸಿಬಿಟ್ಟರೆ ಅದು ಬೇರೆಯೇ ಒಂದು ಉದ್ದ ಪದ, ಅದೂ ಕಾಣುವುದಿಲ್ಲ. ದೊಡ್ಡಕ್ಷರ ಚಿಕ್ಕಕ್ಷರದ ಭೇದ ಮಾತ್ರ ಅದು ಮಾಡುವುದಿಲ್ಲ, `jrfbot02` ಎಂದರೂ ನಡೆಯುತ್ತದೆ. ಅಂದರೆ ಅರ್ಜಿದಾರರು ಹೆದರುವ ಜಾಗವೇ ಬೇರೆ, ನಿಜವಾಗಿ ಎಡವುವ ಜಾಗವೇ ಬೇರೆ. ಕ್ಯಾಪಿಟಲ್ ಲೆಟರ್ ಸರಿಯಾಯಿತೇ ಎಂದು ಮೂರು ಸಲ ನೋಡುತ್ತಾರೆ, ಜಾಗ ಬಿಟ್ಟದ್ದನ್ನು ಒಮ್ಮೆಯೂ ನೋಡುವುದಿಲ್ಲ.

ಕನ್ನಡದಲ್ಲಿ ಸಬ್ಜೆಕ್ಟ್ ಬರೆದರೆ ಮೇಲ್ ತಲುಪುವುದಿಲ್ಲ ಎಂಬ ಭಯ ಕೆಲವರಿಗಿದೆ. ಅದು ಹಳೆಯ ಭಯ. ಇಮೇಲ್‌ನ ತಲೆಬರಹದ ಸಾಲುಗಳನ್ನು ಮೊದಲು ಇಂಗ್ಲಿಷ್ ಅಕ್ಷರಗಳಿಗಷ್ಟೇ ರೂಪಿಸಿದ್ದರು. ಬೇರೆ ಲಿಪಿಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ ಬದಲಿಸಿ ಸಾಗಿಸುವ ಪದ್ಧತಿ 1996ರ ಹೊತ್ತಿಗೇ ಗೊತ್ತಾಗಿಹೋಗಿತ್ತು, ಇವತ್ತಿನ ಯಾವ ಮೇಲ್ ವ್ಯವಸ್ಥೆಯೂ ಅದನ್ನು ಬಿಡಿಸಿ ಓದಬಲ್ಲದು. ಮೇಲ್ ತಲುಪುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ಹುಡುಕುತ್ತಿರುವ ಪದ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಬರೆದದ್ದು ಆ ಹುಡುಕಾಟಕ್ಕೆ ಸಿಗುವುದಿಲ್ಲ, ಅಷ್ಟೇ. ಜಾಹೀರಾತಿನಲ್ಲೇ ಕನ್ನಡದ ಸಬ್ಜೆಕ್ಟ್ ಕೊಟ್ಟಿದ್ದರೆ ಕನ್ನಡದಲ್ಲೇ ಬರೆಯಬೇಕು.

ಸಂಕೇತವನ್ನು ಟೈಪ್ ಮಾಡುವ ಬದಲು ಜಾಹೀರಾತಿನಿಂದಲೇ ಕಾಪಿ ಮಾಡುವುದು ಒಳ್ಳೆಯದು. ಓ ಮತ್ತು ಸೊನ್ನೆಯ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಆದರೆ ಕಾಪಿ ಮಾಡುವಾಗ ಬೇರೆ ಕಸ ಅಂಟಿಕೊಂಡು ಬರುತ್ತದೆ. ಜಾಹೀರಾತಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಕೊಟ್ಟಿದ್ದರೆ ಆ ಚಿಹ್ನೆ, ವಾಕ್ಯದ ಕೊನೆಯಲ್ಲಿದ್ದರೆ ಪೂರ್ಣವಿರಾಮ, ಪಿಡಿಎಫ್‌ನಲ್ಲಿ ಸಾಲು ಮುರಿದಿದ್ದರೆ ನಡುವೆ ಒಂದು ಬೇಡದ ಜಾಗ. ಇವನ್ನು ಕಿತ್ತು ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹೆಸರು ಬರೆಯುವ ಜಾಗದಲ್ಲಿ ಹೆಸರು ಬರೆಯಬೇಕು. ನಗಬೇಡಿ. ಆ ವರ್ಷ ನಮಗೆ ಬಂದ ಮೇಲ್‌ಗಳಲ್ಲಿ `JRFBOT02 Full Name` ಎಂದೇ ಇದ್ದವು ಒಂದಕ್ಕಿಂತ ಹೆಚ್ಚಿದ್ದವು. ಫಿಲ್ಟರ್ ಅವನ್ನು ಸರಿಯಾಗಿಯೇ ಹಿಡಿದಿತ್ತು. ಯಾರ ಅರ್ಜಿ ಎಂದು ತಿಳಿಯಲು ಮಾತ್ರ ಪಿಡಿಎಫ್ ತೆರೆಯಬೇಕಾಯಿತು.

ಯಾವ ಹೆಸರು ಎಂಬುದೂ ನಮ್ಮ ಕಡೆ ಸಣ್ಣ ಪ್ರಶ್ನೆಯಲ್ಲ. ಇನಿಷಿಯಲ್ಲು ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬಿಡಿಸಿ ಬರೆದ ಅಪ್ಪನ ಹೆಸರು, ಹೀಗಿರುತ್ತದೆ ನಮ್ಮ ಮಕ್ಕಳ ಹಣೆಬರಹ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೆ ಸಬ್ಜೆಕ್ಟ್‌ನಲ್ಲೂ ಫೈಲಿನ ಹೆಸರಿನಲ್ಲೂ ಬರೆದರೆ ಪಟ್ಟಿ ಮಾಡುವವರಿಗೆ ಅದೇ ಹೆಸರು ಮೂರು ಕಡೆ ಕಾಣುತ್ತದೆ. ಸೈಬರ್ ಸೆಂಟರಿನಿಂದ ಕಳಿಸುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಅಂಗಡಿಯವರು ತಮ್ಮದೇ ಮೇಲ್‌ನಿಂದ ಕಳಿಸಿಬಿಟ್ಟರೆ ಸಂದರ್ಶನದ ಕರೆ ಹೋಗುವುದೂ ಅಂಗಡಿಗೇ. ನಾವು ಉತ್ತರಿಸುವುದು ಮೇಲ್ ಬಂದ ವಿಳಾಸಕ್ಕೆ, ಸಿವಿಯ ಮೂಲೆಯಲ್ಲಿ ಬರೆದ ವಿಳಾಸವನ್ನು ಹುಡುಕುವುದು ಅದು ಬೌನ್ಸ್ ಆದ ಮೇಲೆ.

ಇನ್ನು ಅಟ್ಯಾಚ್‌ಮೆಂಟ್. ಒಂದೇ ಪಿಡಿಎಫ್ ಯಾಕೆ ಎಂದು ಕೇಳುವವರಿಗೆ ನಮ್ಮ ವಿಭಾಗದ ಗುಮಾಸ್ತರ ಕಂಪ್ಯೂಟರನ್ನು ತೋರಿಸಬೇಕು ಅನಿಸುತ್ತದೆ. ಆಯ್ಕೆ ಸಮಿತಿಯಲ್ಲಿ ಐದು ಜನ, ಅವರಲ್ಲಿ ಇಬ್ಬರು ಹೊರಗಿನವರು. ಅವರಿಗೆ ವಿಭಾಗದ ಮೇಲ್ ತೆರೆದು ತೋರಿಸುವ ಹಾಗಿಲ್ಲ. ಆದ್ದರಿಂದ ಗುಮಾಸ್ತರು ಪ್ರತಿ ಮೇಲ್‌ನ ಅಟ್ಯಾಚ್‌ಮೆಂಟನ್ನು ಡೌನ್‌ಲೋಡ್ ಮಾಡಿ ಒಂದು ಫೋಲ್ಡರಿಗೆ ಹಾಕಿ, ಪೆನ್ ಡ್ರೈವಿನಲ್ಲಿ ಕೊಡುತ್ತಾರೆ. ಮೇಲ್ ಇರುವ ತನಕ ಅಟ್ಯಾಚ್‌ಮೆಂಟು ಯಾರದ್ದು ಎಂದು ಗೊತ್ತಿರುತ್ತದೆ. ಡೌನ್‌ಲೋಡ್ ಆದ ಕ್ಷಣದಲ್ಲಿ ಆ ಸಂಬಂಧ ಕಡಿದುಹೋಗುತ್ತದೆ, ಆಮೇಲೆ ಉಳಿಯುವುದು ಫೈಲಿನ ಹೆಸರು ಮಾತ್ರ. ಅಲ್ಲಿ ಇರುವುದೇನು? `resume.pdf`, `resume (1).pdf`, `resume (2).pdf`, ಹೀಗೆ ಬ್ರೌಸರ್ ತಾನಾಗಿ ಸಂಖ್ಯೆ ಹಾಕಿಕೊಂಡು ಹೋದ ಒಂದು ಮೆರವಣಿಗೆ. ನಡುವೆ `scan0001.pdf`. ನಡುವೆ ವಾಟ್ಸಾಪಿನಿಂದ ಇಳಿದ `IMG-20240712-WA0007.jpg`, ಅದರಲ್ಲಿ ಯಾರದ್ದೋ ಎರಡನೇ ಸೆಮಿಸ್ಟರ್. ಒಬ್ಬರು ಏಳು ಫೈಲ್ ಕಳಿಸಿದರೆ ಏಳೂ ಏಳು ದಿಕ್ಕಿಗೆ. ಎಂ.ಎಸ್ಸಿ. ಮಾರ್ಕ್ಸ್ ಕಾರ್ಡ್ ಇಲ್ಲ ಎಂದು ಸಮಿತಿ ಷರಾ ಬರೆದ ಅರ್ಜಿಯ ಮಾರ್ಕ್ಸ್ ಕಾರ್ಡ್ ಅದೇ ಫೋಲ್ಡರಿನ ತಳದಲ್ಲಿ ಬೇರೆ ಹೆಸರಿನಲ್ಲಿ ಮಲಗಿರುವುದನ್ನು ನಾನೇ ಕಂಡಿದ್ದೇನೆ.

ಒಂದೇ ಪಿಡಿಎಫ್ ಎಂದರೆ ಒಂದೇ ಪಿಡಿಎಫ್. ಏಳು ಫೈಲುಗಳನ್ನು ಜಿಪ್ ಮಾಡಿದರೆ ಅಟ್ಯಾಚ್‌ಮೆಂಟ್ ಒಂದಾಯಿತು, ಆದರೆ ಪಿಡಿಎಫ್ ಆಗಲಿಲ್ಲ, ಬಿಚ್ಚಿದರೆ ಮತ್ತೆ ಏಳು. ಡ್ರೈವ್ ಲಿಂಕ್ ಕಳಿಸಿದರೆ ಅಟ್ಯಾಚ್‌ಮೆಂಟ್ ಸೊನ್ನೆ. ಬೇಕೆಂದೇ ಲಿಂಕ್ ಕಳಿಸುವವರು ಕಡಿಮೆ, ಹೆಚ್ಚಿನವರಿಗೆ ಅದು ಗೊತ್ತಿಲ್ಲದೆ ಆಗುತ್ತದೆ. 25 ಎಂಬಿ ದಾಟಿದ ಫೈಲನ್ನು ಜಿಮೇಲ್ ತಾನೇ ಡ್ರೈವಿಗೆ ಏರಿಸಿ, ಮೇಲ್‌ನಲ್ಲಿ ಅದರ ಲಿಂಕ್ ಇಟ್ಟುಬಿಡುತ್ತದೆ. ಕಳಿಸಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅನುಮತಿ ಸರಿಯಾಗಿ ಕೊಟ್ಟಿಲ್ಲದಿದ್ದರೆ ಇಲ್ಲಿ ಗುಮಾಸ್ತರಿಗೆ ಕಾಣುವುದು `Request access` ಎಂಬ ಗುಂಡಿ. ಅದನ್ನು ಒತ್ತಿ, ಒಪ್ಪಿಗೆಗೆ ಕಾದು ಕೂರುವ ಗುಮಾಸ್ತರನ್ನು ನಾನಂತೂ ನೋಡಿಲ್ಲ.

ಗಾತ್ರದ ಲೆಕ್ಕದಲ್ಲಿ ಒಂದು ಕಣ್ಣಿಗೆ ಕಾಣದ ಏರಿಕೆ ಇದೆ. ಇಮೇಲ್ ಫೈಲನ್ನು ಇದ್ದಹಾಗೆ ಸಾಗಿಸುವುದಿಲ್ಲ, ಪ್ರತಿ ಮೂರು ಬೈಟನ್ನು ನಾಲ್ಕು ಅಕ್ಷರವಾಗಿ ಬದಲಿಸಿ ಸಾಗಿಸುತ್ತದೆ. ಹಾಗಾಗಿ ನಿಮ್ಮ ಕಂಪ್ಯೂಟರಿನಲ್ಲಿ 7.5 ಎಂಬಿ ಇರುವ ಫೈಲು ದಾರಿಯಲ್ಲಿ 10 ಎಂಬಿ ಆಗಿರುತ್ತದೆ. ಆ ಕಡೆಯ ಸರ್ವರ್ 10 ಎಂಬಿಗಿಂತ ದೊಡ್ಡ ಮೇಲ್ ಬೇಡ ಎನ್ನುವಂಥದ್ದಾದರೆ 8 ಎಂಬಿಯ ಅರ್ಜಿ ಬಾಗಿಲಿನಿಂದಲೇ ವಾಪಸ್. ವಾಪಸ್ ಬಂದದ್ದನ್ನು ತಿಳಿಸುವ ಮೇಲ್ `Mail Delivery Subsystem` ಎಂಬ ಹೆಸರಿನಲ್ಲಿ ಬರುತ್ತದೆ, ಜನ ಅದನ್ನು ಯಾವುದೋ ಜಾಹೀರಾತು ಎಂದು ಅಳಿಸಿಬಿಡುತ್ತಾರೆ. ಜಾಹೀರಾತಿನಲ್ಲಿ 5 ಎಂಬಿ ಎಂದಿದ್ದರೆ 4ರೊಳಗೆ ಇಟ್ಟುಕೊಳ್ಳುವುದು ಜಾಣತನ.

ಫೈಲು ಉಬ್ಬುವುದು ಸ್ಕ್ಯಾನಿನಲ್ಲಿ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆ. 150ಕ್ಕೆ ಇಳಿಸಿದರೆ ಅದು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಬರುತ್ತದೆ, ಅಗಲದಲ್ಲೂ ಎತ್ತರದಲ್ಲೂ ಅರ್ಧರ್ಧ ಕಡಿಮೆಯಾಗುವುದರಿಂದ. ಮಾರ್ಕ್ಸ್ ಕಾರ್ಡಿನ ಅಂಕಿ ಓದಲು 150 ಸಾಕು, ಅಕ್ಷರ ತೀರ ಸಣ್ಣದಿದ್ದರೆ 200. ಬಣ್ಣದ ಬದಲು ಬೂದು ಛಾಯೆಯಲ್ಲಿ ತೆಗೆದರೆ ಇನ್ನಷ್ಟು ಇಳಿಯುತ್ತದೆ. ಹೀಗೆ ಮೊದಲೇ ಸಣ್ಣದಾಗಿ ತೆಗೆದ ಪುಟಗಳನ್ನು ಜೋಡಿಸುವುದು ಒಳ್ಳೆಯದು. ದೊಡ್ಡದಾಗಿ ತೆಗೆದು, ಆಮೇಲೆ ಯಾವುದೋ ವೆಬ್‌ಸೈಟಿನಲ್ಲಿ ಹಿಂಡಿದರೆ ಅಂಕಿಗಳು ಮಸುಕಾಗುತ್ತವೆ, ಮೂರು ಯಾವುದು ಎಂಟು ಯಾವುದು ತಿಳಿಯುವುದಿಲ್ಲ. ಅದಲ್ಲದೆ ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲ ಗುರುತಿಲ್ಲದ ಜಾಲತಾಣಕ್ಕೆ ಏರಿಸಿದಂತೆಯೂ ಆಯಿತು.

ಆಧಾರ್ ಎಂದಾಗ ನೆನಪಾಯಿತು. ಇಳಿಸಿಕೊಂಡ ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇರುತ್ತದೆ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ. ಜಾಹೀರಾತು ಗುರುತಿನ ಚೀಟಿ ಕೇಳಿದ್ದರೆ ಅದನ್ನು ಹಾಗೇ ಜೋಡಿಸಲು ಹೋದಾಗ ಜೋಡಿಸುವ ಸಾಫ್ಟ್‌ವೇರ್ ತಕರಾರು ಮಾಡುತ್ತದೆ. ಬೇರೆಯಾಗಿ ಕಳಿಸಿದರೆ ಸಮಿತಿಯವರಿಗೆ ತೆರೆಯುವುದಿಲ್ಲ. ಪಾಸ್‌ವರ್ಡ್ ಹಾಕಿ ತೆರೆದು, ಪ್ರಿಂಟ್ ಕೊಟ್ಟು, ಪ್ರಿಂಟರಿನ ಪಟ್ಟಿಯಲ್ಲಿ `Microsoft Print to PDF` ಆರಿಸಿದರೆ ಬೀಗವಿಲ್ಲದ ಪ್ರತಿ ಸಿಗುತ್ತದೆ. ಅದನ್ನು ಜೋಡಿಸಬಹುದು. ಕೇಳದಿದ್ದರೆ ಆಧಾರ್ ಸೇರಿಸುವುದೇ ಬೇಡ.

ಈ ಎಲ್ಲ ಗೊಂದಲದ ನಡುವೆ ಓ ಅಕ್ಷರದ ಹುಡುಗನ ಕಥೆ ಏನಾಯಿತು? ಸಮಿತಿಯಲ್ಲಿ ವಿಷಯ ಇಟ್ಟೆ. ಸೇರಿಸಿಕೊಳ್ಳೋಣ, ಪಾಪ, ಒಂದು ಅಕ್ಷರ ತಾನೆ ಎಂದೆ. ಹಿರಿಯರೊಬ್ಬರು ಕನ್ನಡಕ ತೆಗೆದಿಟ್ಟು ಕೇಳಿದರು, "ಸರಿ, ಇವನನ್ನು ಸೇರಿಸೋಣ. ಜಾಗ ಬಿಟ್ಟು ಬರೆದವರನ್ನ? ಸಬ್ಜೆಕ್ಟೇ ಹಾಕದವರನ್ನ? ಗೆರೆ ಎಲ್ಲಿ ಎಳೀತೀರಿ ಹೇಳಿ. ಈಗ ಪಟ್ಟಿ ಬೇರೆ ಬೋರ್ಡಿನ ಮೇಲಿದೆ."

ಅವರು ಬರೀ ಹಠಕ್ಕೆ ಹಾಗೆ ಹೇಳಿರಲಿಲ್ಲ. ಸರ್ಕಾರಿ ಹಣದ ನೇಮಕಾತಿಯಲ್ಲಿ ಜಾಹೀರಾತಿನ ಷರತ್ತನ್ನು ಒಬ್ಬರಿಗಾಗಿ ಸಡಿಲಿಸಿದರೆ, ಅದೇ ಷರತ್ತನ್ನು ನಂಬಿ ಅರ್ಜಿಯನ್ನೇ ಹಾಕದೆ ಕುಳಿತ ಹತ್ತಾರು ಜನರಿಗೆ ಅನ್ಯಾಯ ಎಂಬುದು ನ್ಯಾಯಾಲಯಗಳ ನಿಲುವು. 2011ರಲ್ಲಿ ಅಸ್ಸಾಂ ಲೋಕಸೇವಾ ಆಯೋಗದ ನೇಮಕಾತಿಯ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅಂಗವಿಕಲರ ಮೀಸಲಾತಿ ಕೇಳಿದ ಅಭ್ಯರ್ಥಿ ಅದಕ್ಕೆ ಬೇಕಾದ ಗುರುತಿನ ಚೀಟಿಯನ್ನು ಗಡುವಿನೊಳಗೆ ಕೊಟ್ಟಿರಲಿಲ್ಲ. ಹೈಕೋರ್ಟ್ ಅವರ ಪರವಾಗಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಸಡಿಲಿಸುವ ಅಧಿಕಾರ ನಿಯಮದಲ್ಲಿ ಇದ್ದರೆ ಮಾತ್ರ ಸಡಿಲಿಸಬಹುದು, ಹಾಗೆ ಸಡಿಲಿಸಿದರೂ ಅದನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು, ಇಲ್ಲದಿದ್ದರೆ ಅದು ಸಂವಿಧಾನದ 14 ಮತ್ತು 16ನೇ ವಿಧಿಗಳ ಸಮಾನತೆಗೆ ಭಂಗ ಎಂದಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. 2005ರಲ್ಲಿ ಒಡಿಶಾದ ವೈದ್ಯಕೀಯ ಪ್ರವೇಶದ ಪ್ರಕರಣವೊಂದರಲ್ಲಿ ಮಾಜಿ ಸೈನಿಕರೊಬ್ಬರ ಮಗಳಿಗೆ ಅದೇ ಸುಪ್ರೀಂ ಕೋರ್ಟ್ ಸೀಟು ಕೊಡಿಸಿತು. ಅಲ್ಲಿ ಪ್ರಮಾಣಪತ್ರದಲ್ಲಿ ತಪ್ಪು ಮಾಡಿದ್ದು ಜಿಲ್ಲಾ ಸೈನಿಕ ಮಂಡಳಿ, ಹುಡುಗಿಯಲ್ಲ. ಅರ್ಹತೆ ಗಡುವಿನ ದಿನಕ್ಕೆ ಇರಲೇಬೇಕು, ಆದರೆ ಅರ್ಹತೆಯ ಪುರಾವೆ ಕೊಡುವ ವಿಚಾರದಲ್ಲಿ ಕಲ್ಲಿನಂಥ ಬಿಗಿ ಸಲ್ಲದು ಎಂದು ನ್ಯಾಯಾಲಯ ಹೇಳಿತು. ಎರಡೂ ಪ್ರಕರಣ ಇಮೇಲ್ ಸಬ್ಜೆಕ್ಟಿನದ್ದಲ್ಲ ನಿಜ. ಆದರೆ ಸಮಿತಿಯ ಮೇಜಿನ ಸುತ್ತ ಕುಳಿತವರ ತಲೆಯಲ್ಲಿ ಓಡುವುದು ಮೊದಲನೆಯದೇ. ಖಾಸಗಿ ಕಂಪನಿಗೆ ಈ ಸಂವಿಧಾನದ ವಿಧಿಗಳ ಭಯವಿಲ್ಲ. ಅಲ್ಲಿನ ಎಚ್‌ಆರ್‌ನವರು ಮನಸ್ಸು ಮಾಡಿದರೆ ಇನ್‌ಬಾಕ್ಸ್ ಜಾಲಾಡಿ ಕರೆಯಬಹುದು, ಮನಸ್ಸು ಮಾಡದಿದ್ದರೆ ಕೇಳುವವರೂ ಇಲ್ಲ.

ಹುಡುಗನನ್ನು ಸೇರಿಸಲಿಲ್ಲ. ಫೋನಿನಲ್ಲಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಜಾಹೀರಾತಿನ ಅಕ್ಷರವಿನ್ಯಾಸದಲ್ಲಿ ಓ ಮತ್ತು ಸೊನ್ನೆ ಒಂದೇ ಥರ ಕಾಣುತ್ತಿದ್ದವು ಎಂಬುದನ್ನು ಆಮೇಲೆ ಗಮನಿಸಿದೆ. ಅದನ್ನು ಬರೆದವಳು ನಾನು.

ಇದಾದ ಕೆಲವು ತಿಂಗಳಿಗೆ ಅರಸೀಕೆರೆಯಿಂದ ನನ್ನ ಅಣ್ಣನ ಮಗಳ ಫೋನ್. ಬೆಂಗಳೂರಿನ ಸಂಸ್ಥೆಯೊಂದಕ್ಕೆ ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆಗೆ ಅರ್ಜಿ ಹಾಕುತ್ತಿದ್ದಳು, ಗಡುವು ಮರುದಿನ ಸಂಜೆ ಐದು. ಆ ಜಾಹೀರಾತು ನನ್ನದಕ್ಕಿಂತ ಜಟಿಲ:

```
Subject: Application_PA1_<Name>
Attachments: maximum two
1. Filled-in form (Annexure I)
2. CV and all certificates as a single PDF
```

"ಅತ್ತೆ, ಕವರಿಂಗ್ ಲೆಟರ್ ಎಲ್ಲಿ ಹಾಕಲಿ? ಎರಡೇ ಅಂದಿದ್ದಾರೆ, ಮೂರನೇದು ಆಗತ್ತೆ."

"ಮೇಲ್ ಬರೀತೀಯಲ್ಲ, ಅದೇ ಕವರಿಂಗ್ ಲೆಟರ್. ಅಲ್ಲೇ ನಾಲ್ಕು ಸಾಲು ಬರಿ. ಕೇಳಿಲ್ಲದ್ದು ಕಳಿಸಬೇಡ."

"ಫಾರಂ ವರ್ಡ್‌ನಲ್ಲಿದೆ. ಹಾಗೇ ಕಳಿಸಲಾ?"

ಜಾಹೀರಾತಿನಲ್ಲಿ ಎರಡನೆಯದಕ್ಕೆ ಮಾತ್ರ ಪಿಡಿಎಫ್ ಎಂದಿತ್ತು, ಮೊದಲನೆಯದಕ್ಕೆ ಏನೂ ಹೇಳಿರಲಿಲ್ಲ. ಇಂಥ ಕಡೆ ಫಾರಂ ತೆರೆದು ನೋಡಬೇಕು. ಅದರ ಕೊನೆಯಲ್ಲಿ ಸಹಿಯ ಜಾಗ ಇತ್ತು. ಸಹಿ ಮಾಡಬೇಕೆಂದರೆ ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಬೇಕು, ಅಲ್ಲಿಗೆ ಅದು ಪಿಡಿಎಫ್ ಆಗಲೇಬೇಕು. ಸಹಿಯ ಜಾಗ ಇರದಿದ್ದರೆ ವರ್ಡ್‌ನಲ್ಲೇ ಬಿಡು ಎನ್ನುತ್ತಿದ್ದೆ, ಯಾಕೆಂದರೆ ಕೆಲವು ಕಡೆ ಫಾರಮ್ಮಿನ ಅಂಕಣಗಳನ್ನು ಹಾಗೇ ಎತ್ತಿ ಎಕ್ಸೆಲ್ಲಿಗೆ ಹಾಕಿಕೊಳ್ಳುತ್ತಾರೆ. ಜಾಹೀರಾತಿನಲ್ಲೇ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಹೇಳಿದ್ದರೆ ಊಹೆಗೆ ಹೋಗದೆ ಕಚೇರಿ ವೇಳೆಯಲ್ಲಿ ಫೋನ್ ಮಾಡುವುದು ಸರಿ. ಜೊತೆಗೆ ಸಂಸ್ಥೆಯ ಜಾಲತಾಣದಲ್ಲಿ ಅದೇ ಜಾಹೀರಾತಿಗೆ ತಿದ್ದುಪಡಿ ಬಂದಿದೆಯೇ ಎಂದು ನೋಡಬೇಕು. ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವುದು ಸಾಮಾನ್ಯವಾಗಿ ತಿದ್ದುಪಡಿಗೆ ಮೊದಲಿನ ಪ್ರತಿ.

ಅವಳಿಗೆ ಒಂದು ಮಾತು ಹೇಳಿದೆ: ಸಂಸ್ಥೆಗೆ ಕಳಿಸುವ ಮೊದಲು ಇಡೀ ಮೇಲನ್ನು ನನಗೆ ಕಳಿಸು, ಒಂದಕ್ಷರ ಬಿಡದೆ. ಹತ್ತು ನಿಮಿಷದಲ್ಲಿ ಬಂತು. ಸಬ್ಜೆಕ್ಟಿನಲ್ಲಿ ಅವಳ ಹೆಸರು ಸರಿಯಾಗಿಯೇ ಇತ್ತು, ಆದರೆ ಸುತ್ತ `<` ಮತ್ತು `>` ಹಾಗೇ ಉಳಿದಿದ್ದವು. ಅವು ಇಲ್ಲಿ ನಿನ್ನ ಹೆಸರು ಬರಿ ಎಂಬ ಗುರುತು, ಸಬ್ಜೆಕ್ಟಿನ ಭಾಗವಲ್ಲ. ನಡುವಿನ ಅಡಿಗೆರೆ ಮಾತ್ರ ಭಾಗವೇ, ಅದನ್ನು ತೆಗೆಯುವ ಹಾಗಿಲ್ಲ. ಇನ್ನು ಅಟ್ಯಾಚ್‌ಮೆಂಟ್. ಅವಳು ಎರಡು ಹಾಕಿದ್ದೇನೆ ಎಂದು ಆಣೆ ಮಾಡುತ್ತಿದ್ದಳು, ನನಗೆ ಮೂರು ಕಾಣುತ್ತಿತ್ತು. ಮೂರನೆಯದರ ಹೆಸರು `image001.png`.

"ಅದೇನೇ ಅದು?"

"ನಂಗೆ ಗೊತ್ತಿಲ್ಲ ಅತ್ತೆ, ನಾನು ಹಾಕಿಲ್ಲ."

ತೆರೆದರೆ ಅವಳ ಕಾಲೇಜಿನ ಯಾವುದೋ ಫೆಸ್ಟಿನ ಲಾಂಛನ. ಎರಡು ವರ್ಷದ ಹಿಂದೆ ಸಂಘಟನಾ ಸಮಿತಿಯಲ್ಲಿದ್ದಾಗ ಮೇಲ್‌ನ ಸಹಿಯ ಕೆಳಗೆ ಆ ಚಿತ್ರ ಸೇರಿಸಿದ್ದಳು, ಆಮೇಲೆ ಮರೆತಿದ್ದಳು. ಸಹಿಯಲ್ಲಿರುವ ಚಿತ್ರ ಕೆಲವು ಮೇಲ್ ವ್ಯವಸ್ಥೆಗಳಲ್ಲಿ ಬರಹದ ನಡುವೆ ಕಾಣುತ್ತದೆ, ಕೆಲವದರಲ್ಲಿ ಅಟ್ಯಾಚ್‌ಮೆಂಟಾಗಿ ಕೆಳಗೆ ಸಾಲುಗಟ್ಟುತ್ತದೆ. ಕಳಿಸುವವರ ಪರದೆಯ ಮೇಲೆ ಎರಡೇ ಇದ್ದರೂ ಪಡೆಯುವವರಿಗೆ ಮೂರು. ಇದನ್ನು ಕಂಡುಹಿಡಿಯಲು ಬೇರೆ ಯಾರಿಗಾದರೂ ಕಳಿಸಿ, ಅವರ ಫೋನಿನಲ್ಲಿ ಎಷ್ಟು ಕಾಣುತ್ತದೆ ಎಂದು ಕೇಳುವುದು ಬಿಟ್ಟರೆ ಸುಲಭದ ದಾರಿ ನನಗೆ ಗೊತ್ತಿಲ್ಲ. ಸಹಿ ತೆಗೆಸಿದೆ.

ಹೊಸದಾಗಿ ಕಳಿಸುವಾಗ ಅವಳು ನನಗೆ ಕಳಿಸಿದ್ದನ್ನೇ ಫಾರ್ವರ್ಡ್ ಮಾಡಲು ಹೊರಟಿದ್ದಳು. ಹಾಗೆ ಮಾಡಿದರೆ ಸಬ್ಜೆಕ್ಟಿನ ಮುಂದೆ `Fwd:` ಬಂದು ಕೂರುತ್ತದೆ. ಫಿಲ್ಟರ್ ಇದ್ದರೆ ಬಹುಶಃ ತೊಂದರೆಯಿಲ್ಲ, ಆದರೆ ಸಬ್ಜೆಕ್ಟಿನ ಪ್ರಕಾರ ಅಕಾರಾದಿಯಾಗಿ ಜೋಡಿಸಿ ನೋಡುವ ಕಡೆ ಅವಳ ಅರ್ಜಿ ಉಳಿದವರ ಸಾಲಿನಿಂದ ದೂರ ಸರಿಯುತ್ತದೆ. ಹೊಸ ಮೇಲ್ ತೆರೆದು, ಫೈಲು ಮತ್ತೆ ಸೇರಿಸಿ, ಕೊನೆಗೆ ಸಂಸ್ಥೆಯ ವಿಳಾಸ ಬರೆದಳು. ವಿಳಾಸವನ್ನು ಕೊನೆಗೆ ಬರೆಯುವುದು ನನ್ನ ಹಳೆಯ ಅಭ್ಯಾಸ, ಕೈ ತಪ್ಪಿ ಗುಂಡಿ ಒತ್ತಿದರೂ ಎಲ್ಲಿಗೂ ಹೋಗುವುದಿಲ್ಲ.

ಫೋನಿನಿಂದ ಕಳಿಸಿದ್ದರಿಂದ ಇನ್ನೊಂದು ಆತಂಕ. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಕಳಿಸಿದ್ದೇನೆ ಎಂದಳು. `Sent` ತೆರೆದು ನೋಡು ಎಂದೆ. ಅಲ್ಲಿರಲಿಲ್ಲ. ಮೇಲ್‌ನ ಪಕ್ಕ `Queued` ಎಂದಿತ್ತು, ಅಂದರೆ ಫೋನಿನಲ್ಲೇ ಸರದಿ ಕಾಯುತ್ತಿದೆ. ಗಡುವಿನ ಲೆಕ್ಕಕ್ಕೆ ಬರುವುದು ಆ ಕಡೆಯ ಸರ್ವರಿಗೆ ಮುಟ್ಟಿದ ಹೊತ್ತು, ನೀವು ಗುಂಡಿ ಒತ್ತಿದ ಹೊತ್ತಲ್ಲ. ಮಹಡಿ ಹತ್ತಿ ನಿಂತಳು, ಹೋಯಿತು. ರಾತ್ರಿ ಹತ್ತೂಮುಕ್ಕಾಲು, ಗಡುವಿಗೆ ಇನ್ನೂ ಹದಿನೆಂಟು ಗಂಟೆ ಇತ್ತು.

ಬೆಳಗ್ಗೆ ಮತ್ತೆ ಫೋನ್. ಸರ್ಟಿಫಿಕೇಟುಗಳ ಪಿಡಿಎಫ್‌ನಲ್ಲಿ ನಾಲ್ಕನೇ ಸೆಮಿಸ್ಟರ್ ಎರಡು ಸಲ ಸೇರಿದೆ, ಮೂರನೆಯದು ಇಲ್ಲ. ಬಿಟ್ಟುಹೋದ ಒಂದು ಪುಟವನ್ನಷ್ಟೇ ಇನ್ನೊಂದು ಮೇಲ್‌ನಲ್ಲಿ ಕಳಿಸಿದರೆ ಅದು ಅನಾಥ ಹಾಳೆ, ಮೊದಲಿನದಕ್ಕೆ ಸೇರಿಸುವ ಶ್ರಮ ಯಾರೂ ತೆಗೆದುಕೊಳ್ಳುವುದಿಲ್ಲ. ಎರಡೂ ಫೈಲುಗಳೊಂದಿಗೆ ಇಡೀ ಅರ್ಜಿಯನ್ನು ಹೊಸದಾಗಿ ಕಳಿಸಲು ಹೇಳಿದೆ, ಸಬ್ಜೆಕ್ಟ್ ಅದೇ, `Revised` ಗಿವೈಸ್ಡ್ ಏನೂ ಬೇಡ. ಒಳಗೆ ಮೊದಲ ಸಾಲಿನಲ್ಲಿ, ನಿನ್ನೆ ರಾತ್ರಿ ಕಳಿಸಿದ್ದರ ಬದಲು ಇದನ್ನು ಪರಿಗಣಿಸಬೇಕು ಎಂದು ಬರೆಯಬೇಕು. ಹೀಗೆ ಒಮ್ಮೆ ಮಾಡಬಹುದು. ನಮ್ಮಲ್ಲಿ ಒಬ್ಬರು ಐದು ಸಲ ಕಳಿಸಿದ್ದರು, ಐದನ್ನೂ ಹೋಲಿಸಿ ನೋಡುವ ಹೊಣೆ ನಮಗೆ ಬಿಟ್ಟು.

ಅವಳಿಗೆ ಸಂದರ್ಶನಕ್ಕೆ ಕರೆ ಬಂತು, ಕೆಲಸ ಸಿಗಲಿಲ್ಲ. ಅಲ್ಲಿ ಗೇಟ್ ಪಾಸಾದವರು ಮೂವರಿದ್ದರಂತೆ. ಅದಕ್ಕೆ ಸಬ್ಜೆಕ್ಟ್ ಲೈನ್ ಏನು ಮಾಡೀತು?

ನಮ್ಮ ಹಾವಸೆಯ ಯೋಜನೆಗೆ ಈ ವರ್ಷ ಮತ್ತೆ ಒಬ್ಬರು ಬೇಕಾದರು. ಜಾಹೀರಾತು ಬರೆಯುವಾಗ ಸಂಕೇತದಿಂದ ಸೊನ್ನೆ ತೆಗೆದುಹಾಕಿದೆ, ಅಂಕಿಯನ್ನೇ ತೆಗೆದೆ. `MOSSJRF` ಎಂದಷ್ಟೇ ಇಟ್ಟೆ, ಜಾಗ ಬಿಡಬಾರದು ಎಂದು ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದೆ, ಒಂದು ಮಾದರಿಯನ್ನೂ ಕೊಟ್ಟೆ. ಮೊದಲ ದಿನ ಸಂಜೆ ಇನ್‌ಬಾಕ್ಸ್ ತೆರೆದೆ. ಗೂಡಿನಲ್ಲಿ ನಾಲ್ಕು ಅರ್ಜಿ ಬಂದು ಕುಳಿತಿದ್ದವು. ಐದನೆಯದು ಹೊರಗೆ, ಕೊಟೇಶನ್ನುಗಳ ಪಕ್ಕ ನಿಂತಿತ್ತು: `MOSS JRF`. ಫಿಲ್ಟರ್ ತೆರೆದು ತಿದ್ದಿದೆ.

```
subject:(MOSSJRF OR "MOSS JRF")
```